12 ಲಕ್ಷದ ಸೈಟು 42 ಲಕ್ಷಕ್ಕೆ ಹೋಯಿತು: ವರ್ಷಕ್ಕೆ ನಿಜವಾಗಿ ಬೆಳೆದದ್ದೆಷ್ಟು?

ಮೈಸೂರಿನ ಹೊರವಲಯದಲ್ಲಿ, ನಗರ ವ್ಯಾಪ್ತಿಗೆ ಸೇರಿದ ಒಂದು ಬಡಾವಣೆಯ 30x40 ಸೈಟು. 2013ರ ಜೂನ್ 10ರಂದು ಚದರಡಿಗೆ 1,000 ರೂಪಾಯಿಯಂತೆ 12 ಲಕ್ಷಕ್ಕೆ ಕೊಂಡದ್ದು, 2025ರ ಜೂನ್ 10ರಂದು ಚದರಡಿಗೆ 3,500ರಂತೆ 42 ಲಕ್ಷಕ್ಕೆ ಮಾರಿದ್ದು. ನಡುವೆ ಮನೆ ಕಟ್ಟಲಿಲ್ಲ, ಬಾಡಿಗೆ ಬರಲಿಲ್ಲ, ಸಾಲವೂ ಇರಲಿಲ್ಲ. ಸೈಟಿನ ಬೆಲೆ ಮತ್ತು ಖರ್ಚುಗಳನ್ನು ಮಾದರಿಗಾಗಿ ಇಟ್ಟುಕೊಂಡಿದ್ದೇವೆ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ತೆರಿಗೆಯ ದರಗಳು ಮಾತ್ರ ಆಯಾ ದಿನ ಜಾರಿಯಲ್ಲಿದ್ದ ನಿಜವಾದ ದರಗಳು.

ಇಂಥ ಮಾರಾಟವಾದಾಗ ಮನೆಯಲ್ಲಿ ಮೊದಲು ಕೇಳಿಬರುವ ಲೆಕ್ಕ ಹೀಗಿರುತ್ತದೆ: 12 ಲಕ್ಷಕ್ಕೆ 30 ಲಕ್ಷ ಲಾಭ, ಅಂದರೆ ಶೇ 250, ಅದನ್ನು 12 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಶೇ 20.8. ಈ ಸಂಖ್ಯೆಯನ್ನು ಬ್ಯಾಂಕ್ ಠೇವಣಿಯ ಬಡ್ಡಿಯ ಪಕ್ಕದಲ್ಲಿಟ್ಟು ಸೈಟಿನಷ್ಟು ಒಳ್ಳೆಯ ಹೂಡಿಕೆ ಇನ್ನೊಂದಿಲ್ಲ ಎಂದು ತೀರ್ಮಾನಿಸುತ್ತಾರೆ. ಆದರೆ ಠೇವಣಿಯ ದರ ಚಕ್ರಬಡ್ಡಿಯದು, ಇದು ಸರಾಸರಿ ಹಂಚಿಕೆಯದು. ಇವೆರಡನ್ನೂ ಹೋಲಿಸುವಂತಿಲ್ಲ. ಪ್ರತಿ ವರ್ಷವೂ ಒಂದೇ ದರದಲ್ಲಿ, ಬೆಳೆದದ್ದರ ಮೇಲೂ ಬೆಳೆಯುತ್ತ 12 ಲಕ್ಷವು 42 ಲಕ್ಷವಾಗಲು ಬೇಕಾದ ದರವೇ ಚಕ್ರಬೆಳವಣಿಗೆಯ ದರ. ಷೇರು ಮಾರುಕಟ್ಟೆಯವರು ಅದನ್ನೇ ಸಿಎಜಿಆರ್ ಎನ್ನುತ್ತಾರೆ. ಸೂತ್ರ ಚಿಕ್ಕದು:

```
=(4200000/1200000)^(1/12)-1
```

ಉತ್ತರ ಶೇ 11.0. ಲೆಕ್ಕದ ವಿಧಾನವನ್ನು ಸರಿಪಡಿಸಿದ ಮಾತ್ರಕ್ಕೆ 20.8 ಇದ್ದದ್ದು 11ಕ್ಕೆ ಇಳಿಯಿತು. ಒಂದು ರೂಪಾಯಿಯ ಖರ್ಚನ್ನೂ ನಾವು ಇನ್ನೂ ಕಳೆದಿಲ್ಲ.

ಕೊಳ್ಳುವ ದಿನ ಕೈಬಿಟ್ಟ ಹಣ

ಕ್ರಯಪತ್ರದಲ್ಲಿರುವುದು 12 ಲಕ್ಷ. ಅಂದು ಕೈಯಿಂದ ಹೋದದ್ದು ಅದಕ್ಕಿಂತ ಹೆಚ್ಚು. ಮುದ್ರಾಂಕ ಶುಲ್ಕ ಶೇ 5, ಅಂದರೆ 60,000. ಆ ಅರವತ್ತು ಸಾವಿರದ ಮೇಲೆ ಶೇ 10 ಸೆಸ್ 6,000, ಶೇ 2 ಸರ್‌ಚಾರ್ಜ್ 1,200. ನೋಂದಣಿ ಶುಲ್ಕ ಶೇ 1, ಅಂದರೆ 12,000. ನಾಲ್ಕೂ ಸೇರಿ 79,200 ರೂಪಾಯಿ, ಬೆಲೆಯ ಶೇ 6.6. ಸೈಟು ಗ್ರಾಮಾಂತರ ವ್ಯಾಪ್ತಿಯಲ್ಲಿದ್ದಿದ್ದರೆ ಸರ್‌ಚಾರ್ಜ್ ಶೇ 3 ಆಗಿ ಮೊತ್ತ ತುಸು ಏರುತ್ತಿತ್ತು. ಈಗ ಕೊಳ್ಳುವವರು ಈ 6.6ನ್ನು ಹಾಗೆಯೇ ಬಳಸಬಾರದು. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿರುವುದರಿಂದ ನಗರದಲ್ಲಿ ಒಟ್ಟು ಶೇ 7.6 ಬೀಳುತ್ತದೆ.

ದಲ್ಲಾಳಿಗೆ ಶೇ 2ರಂತೆ 24,000. ವಕೀಲರ ಪರಿಶೀಲನೆ, ಋಣಭಾರ ಪತ್ರ, ಪತ್ರ ಬರೆಸಿದ್ದು, ಖಾತೆ ಬದಲಾವಣೆ ಎಲ್ಲ ಸೇರಿ 16,800. ಒಟ್ಟು ಹೂಡಿಕೆ 13,20,000. ಬೆಲೆಗಿಂತ ಸರಿಯಾಗಿ ಶೇ 10 ಹೆಚ್ಚು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಳೆಯ ವ್ಯವಹಾರಗಳಲ್ಲಿ ಕ್ರಯಪತ್ರಕ್ಕೆ ಸರ್ಕಾರ ಶುಲ್ಕಕ್ಕಾಗಿ ಇಟ್ಟ ಮಾರ್ಗಸೂಚಿ ದರವನ್ನಷ್ಟೇ ಬರೆಸಿ ಉಳಿದದ್ದನ್ನು ನಗದಾಗಿ ಕೊಟ್ಟಿರುವುದುಂಟು. ಅದು ಕಾನೂನಿಗೆ ವಿರುದ್ಧ, ಲೆಕ್ಕಕ್ಕೂ ಹಾನಿ. ಇದೇ ಸೈಟಿಗೆ 8 ಲಕ್ಷ ಎಂದು ಬರೆಸಿದ್ದರೆ ಅಂದು ಶುಲ್ಕದಲ್ಲಿ ಉಳಿಯುತ್ತಿದ್ದದ್ದು 26,400 ರೂಪಾಯಿ. ಮಾರುವಾಗ ಆ 4 ಲಕ್ಷವನ್ನು ಕೊಂಡ ಬೆಲೆಯೆಂದು ತೋರಿಸಲು ದಾಖಲೆಯೇ ಇರುವುದಿಲ್ಲ. ಅದೂ ಲಾಭವೆಂದೇ ಎಣಿಕೆಯಾಗಿ ಶೇ 12.5 ತೆರಿಗೆ ಮತ್ತು ಅದರ ಮೇಲಿನ ಸೆಸ್ ಸೇರಿ 52,000 ರೂಪಾಯಿ ಹೆಚ್ಚಾಗಿ ಕಟ್ಟಬೇಕಾಗುತ್ತದೆ. ಬೆಳವಣಿಗೆಯ ದರ ಅಳೆಯುವಾಗಲೂ ಪತ್ರದ 8 ಲಕ್ಷವನ್ನು ಹಿಡಿದರೆ ಇಲ್ಲದ ಬೆಳವಣಿಗೆ ಕಾಣಿಸುತ್ತದೆ. ಅಳತೆಗೆ ಬೇಕಾದದ್ದು ನಿಜವಾಗಿ ಕೈಬಿಟ್ಟ ಹಣ.

ಮಾರುವ ದಿನ ಕೈಸೇರಿದ ಹಣ

ಮುದ್ರಾಂಕ ಮತ್ತು ನೋಂದಣಿ ಶುಲ್ಕ ಈ ಸಲ ಕೊಳ್ಳುವವರ ಪಾಲು. ಮಾರಿದವರು ದಲ್ಲಾಳಿಗೆ ಶೇ 2ರಂತೆ 84,000 ಕೊಟ್ಟರು, ವಕೀಲರಿಗೆ ಮತ್ತು ದಾಖಲೆಗೆ 6,000. ಉಳಿದದ್ದು 41,10,000. 50 ಲಕ್ಷಕ್ಕಿಂತ ಕಡಿಮೆಯ ವ್ಯವಹಾರವಾದ್ದರಿಂದ ಕೊಳ್ಳುವವರು ಶೇ 1 ಟಿಡಿಎಸ್ ಹಿಡಿಯಬೇಕಾಗಿರಲಿಲ್ಲ. ಹಿಡಿದಿದ್ದರೂ ಅದನ್ನು ಖರ್ಚೆಂದು ಕಳೆಯಬಾರದು. ಅದು ಮುಂಗಡವಾಗಿ ಕಟ್ಟಿದ ತೆರಿಗೆ, ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ.

13.20 ಲಕ್ಷ ಹೋಗಿ 41.10 ಲಕ್ಷ ಬಂತು. ಅದೇ ಸೂತ್ರದಲ್ಲಿ ಶೇ 9.9. ಕೊಳ್ಳುವ ಮತ್ತು ಮಾರುವ ಎರಡು ದಿನಗಳ ಖರ್ಚು ಸೇರಿ 12 ವರ್ಷಗಳ ದರದಿಂದ 1.1 ಅಂಶ ತಿಂದಿತು.

ಇದು 12 ವರ್ಷದ ಕತೆ. ಈ ಖರ್ಚುಗಳು ಒಂದೇ ಸಲ ಬೀಳುವಂಥವು, ಆದ್ದರಿಂದ ಸೈಟನ್ನು ಇಟ್ಟುಕೊಳ್ಳುವ ಕಾಲ ಕಡಿಮೆಯಾದಷ್ಟೂ ಹೊಡೆತ ಜೋರು. ಇದೇ ಸೈಟು ವರ್ಷಕ್ಕೆ ಅದೇ ಶೇ 11ರಂತೆ ಏರಿ, ಮೂರೇ ವರ್ಷಕ್ಕೆ ಮಾರಾಟವಾಗಿದ್ದರೆ ಬೆಲೆ ಸುಮಾರು 16.41 ಲಕ್ಷವಾಗುತ್ತಿತ್ತು. ದಲ್ಲಾಳಿ ಮತ್ತು ವಕೀಲರ ಖರ್ಚು ಕಳೆದರೆ ಸುಮಾರು 16.02 ಲಕ್ಷ ಉಳಿಯುತ್ತಿತ್ತು. 13.20ಕ್ಕೆ ಹೋಲಿಸಿದರೆ ದರ ಶೇ 6.7 ಮಾತ್ರ. ಹಾಕಿದ ಹಣ ಹಾಗೆಯೇ ವಾಪಸು ಬರಬೇಕಾದರೂ ಬೆಲೆ ಮೊದಲು 13.53 ಲಕ್ಷಕ್ಕೆ, ಅಂದರೆ ಶೇ 12.8ರಷ್ಟು ಏರಬೇಕು. ಎರಡು ಮೂರು ವರ್ಷಕ್ಕೆ ಸೈಟು ಕೊಂಡು ಮಾರುವ ಯೋಚನೆಯಲ್ಲಿರುವವರು ಕೈಯಲ್ಲಿ ಬರೆದಿಟ್ಟುಕೊಳ್ಳಬೇಕಾದ ಸಂಖ್ಯೆ ಇದು.

ನಡುವಿನ ಹನ್ನೆರಡು ವರ್ಷ

ಖಾಲಿ ಸೈಟಿಗೇನು ಖರ್ಚು ಎಂದು ಬಿಟ್ಟುಬಿಡುವ ಭಾಗ ಇದು. 30x40ರ ಸುತ್ತಳತೆ 140 ಅಡಿ. ಏಳಡಿಗೊಂದರಂತೆ 20 ಕಲ್ಲುಕಂಬ ನೆಟ್ಟು, ಐದು ಸಾಲು ಮುಳ್ಳುತಂತಿ ಎಳೆಸಿದ್ದಕ್ಕೆ ಮೊದಲ ವರ್ಷ 26,000. ಪ್ರತಿವರ್ಷ ಕಂದಾಯ, ಮಳೆಗಾಲ ಮುಗಿದ ಮೇಲೆ ಗಿಡಗಂಟಿ ತೆಗೆಸುವ ಕೂಲಿ, ಬಡಾವಣೆ ಸಂಘದ ವಂತಿಗೆ ಸೇರಿ ಮೊದಲ ನಾಲ್ಕು ವರ್ಷ ತಲಾ 4,000, ಮುಂದಿನ ನಾಲ್ಕು ವರ್ಷ 5,500, ಕೊನೆಯ ನಾಲ್ಕು ವರ್ಷ 7,500. ಐದನೇ ವರ್ಷ ನೀರು ಮತ್ತು ಒಳಚರಂಡಿ ಸಂಪರ್ಕಕ್ಕೆಂದು 40,000. ಕೊನೆಯ ವರ್ಷ ಗಡಿ ಅಳತೆ ಮಾಡಿಸಿ, ಹಳೆಯ ಖಾತೆಯನ್ನು ಇ-ಖಾತೆ ಮಾಡಿಸಿಕೊಂಡದ್ದಕ್ಕೆ ಎಲ್ಲ ಸೇರಿ 12,000. ಇ-ಖಾತೆ ಇಲ್ಲದೆ ಈಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯ ನೋಂದಣಿ ಆಗುವುದಿಲ್ಲವಾದ್ದರಿಂದ ಇದು ತಪ್ಪಿಸಿಕೊಳ್ಳಲಾಗದ ಖರ್ಚು. ಒಟ್ಟು 1,46,000.

ಈ 1.46 ಲಕ್ಷವನ್ನು ಎಲ್ಲಿ ಸೇರಿಸುವುದು? ಇಲ್ಲೇ ಬಹಳಷ್ಟು ಲೆಕ್ಕಗಳು ದಾರಿ ತಪ್ಪುತ್ತವೆ. ಕೆಲವರು ಅದನ್ನು ಕೊಂಡ ಬೆಲೆಗೆ ಕೂಡಿಸುತ್ತಾರೆ: 14.66 ಲಕ್ಷ ಹಾಕಿ 41.10 ಲಕ್ಷ ಪಡೆದಂತೆ. ಆಗ ದರ ಶೇ 9.0. ಎಲ್ಲ ಖರ್ಚೂ ಮೊದಲ ದಿನವೇ ಆಯಿತು ಎಂದು ಹೇಳಿದಂತಾಯಿತು, ಹಾಗಾಗಿ ದರ ಕಡಿಮೆ ಕಾಣುತ್ತದೆ. ಇನ್ನು ಕೆಲವರು ಮಾರಿದ ಹಣದಿಂದ ಕಳೆಯುತ್ತಾರೆ: 13.20 ಹಾಕಿ 39.64 ಪಡೆದಂತೆ. ಆಗ ಶೇ 9.6. ಎಲ್ಲ ಖರ್ಚೂ ಕೊನೆಯ ದಿನವೇ ಆದಂತೆ ತೋರುವುದರಿಂದ ದರ ಹೆಚ್ಚು ಕಾಣುತ್ತದೆ. ನಿಜವಾದ ದರ ಇವೆರಡರ ನಡುವೆ ಎಲ್ಲೋ ಇರಲೇಬೇಕು. ಕಂಪ್ಯೂಟರ್ ಹತ್ತಿರವಿಲ್ಲದಾಗ ಈ ಎರಡನ್ನೂ ಮಾಡಿ ನೋಡಿದರೆ ಸಾಕು, ಗಡಿಗಳು ಸಿಗುತ್ತವೆ. ಅಂತರ ಅರ್ಧ ಅಂಶದೊಳಗಿದ್ದರೆ ಮುಂದುವರಿದು ತಲೆಕೆಡಿಸಿಕೊಳ್ಳುವ ಅಗತ್ಯವೂ ಇರುವುದಿಲ್ಲ. ಇಲ್ಲಿ ಅದಕ್ಕಿಂತ ತುಸು ಹೆಚ್ಚಿದೆ, ಆದ್ದರಿಂದ ದಿನಾಂಕಗಳೊಂದಿಗೆ ಲೆಕ್ಕ ಹಾಕೋಣ.

ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಒಂದು ಸಾಲಿನಲ್ಲಿ ದಿನಾಂಕ, ಪಕ್ಕದಲ್ಲಿ ಮೊತ್ತ. ಕೈಯಿಂದ ಹೋದದ್ದಕ್ಕೆ ಮುಂದೆ ಕಳೆಯುವ ಚಿಹ್ನೆ, ಬಂದದ್ದಕ್ಕೆ ಏನೂ ಬೇಡ. ಕೊನೆಯ ಸಾಲಿನಲ್ಲಿ 41,10,000ರಿಂದ ಆ ವರ್ಷದ ಖರ್ಚು 19,500 ಕಳೆದ ಮೊತ್ತವಿದೆ.

```
A            B
2013-06-10   -1320000
2014-06-10   -30000
2015-06-10   -4000
2016-06-10   -4000
2017-06-10   -4000
2018-06-10   -45500
2019-06-10   -5500
2020-06-10   -5500
2021-06-10   -5500
2022-06-10   -7500
2023-06-10   -7500
2024-06-10   -7500
2025-06-10   4090500

=XIRR(B1:B13, A1:A13)
```

ಮೊದಲ ಮೊತ್ತ `B1`ರಲ್ಲಿರುವಂತೆ ತುಂಬಿಸಿ. ಉತ್ತರ ಶೇ 9.3. ವರ್ಷದ ಖರ್ಚುಗಳನ್ನು ಜೂನ್ 10ಕ್ಕೇ ಕೂಡಿಹಾಕಿದ್ದೇವೆ. ಕಂದಾಯ ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿಯೊಂದಿಗೆ ಕಟ್ಟಿದ್ದಿರಬಹುದು, ಗಿಡ ತೆಗೆಸಿದ್ದು ನವೆಂಬರ್‌ನಲ್ಲಿರಬಹುದು. ಇಷ್ಟು ಸಣ್ಣ ಮೊತ್ತಗಳನ್ನು ಕೆಲವು ತಿಂಗಳು ಆಚೀಚೆ ಮಾಡಿದರೆ ದಶಮಾಂಶದ ಮೊದಲ ಅಂಕಿ ಅಲುಗಾಡುವುದಿಲ್ಲ. ಆದರೆ ದೊಡ್ಡ ಮೊತ್ತದ ದಿನಾಂಕ ಮುಖ್ಯ. ಕ್ರಯದ ಕರಾರಿನ ದಿನ ಮುಂಗಡವಾಗಿ ನಾಲ್ಕೈದು ಲಕ್ಷ ಕೊಟ್ಟು, ನೋಂದಣಿ ಆರು ತಿಂಗಳ ನಂತರ ಆಗಿದ್ದರೆ ಆ ಮುಂಗಡಕ್ಕೆ ಅದರದೇ ಸಾಲು, ಅದರದೇ ದಿನಾಂಕ ಬೇಕು. ಹಣ ಸಿಕ್ಕಿಹಾಕಿಕೊಂಡದ್ದು ಅಂದಿನಿಂದ.

ಈ ಸೂತ್ರ ಕೆಡುವುದು ಬಹುತೇಕ ದಿನಾಂಕದಿಂದಲೇ. `10/06/2013` ಎಂದು ಒತ್ತಿದರೆ ಅಮೆರಿಕದ ಕ್ರಮಕ್ಕೆ ಹೊಂದಿಸಿದ ಶೀಟು ಅದನ್ನು ಅಕ್ಟೋಬರ್ 6 ಎಂದು ಓದುತ್ತದೆ, ಯಾವ ದೋಷವನ್ನೂ ತೋರಿಸದೆ ತಪ್ಪು ಉತ್ತರ ಕೊಡಬಹುದು. ವರ್ಷ ಮೊದಲು ಬರುವಂತೆ ಬರೆಯುವುದು ಅದಕ್ಕೇ. ದಿನಾಂಕವು ಬರಿಯ ಅಕ್ಷರವಾಗಿ ಕೂತಿದ್ದರೆ `#VALUE!` ಬರುತ್ತದೆ. ಎಲ್ಲ ಮೊತ್ತಕ್ಕೂ ಒಂದೇ ಚಿಹ್ನೆ ಇದ್ದರೆ `#NUM!`. ಉತ್ತರ ಬಂದ ಮೇಲೆ ಅದು ಮೇಲೆ ಹೇಳಿದ 9.0 ಮತ್ತು 9.6ರ ನಡುವೆ ಬಿದ್ದಿದೆಯೇ ಎಂದು ನೋಡಿ. ಬೀಳದಿದ್ದರೆ ಎಲ್ಲೋ ಒಂದು ಸೊನ್ನೆ ಅಥವಾ ಚಿಹ್ನೆ ತಪ್ಪಿದೆ.

ಹಳೆಯ ಖರ್ಚುಗಳ ರಸೀದಿ ಎಲ್ಲರ ಹತ್ತಿರವೂ ಇರುವುದಿಲ್ಲ. ಶುಲ್ಕದ ಮೊತ್ತ ನೋಂದಾಯಿತ ಕ್ರಯಪತ್ರದ ಮೇಲೇ ಸಿಗುತ್ತದೆ, ದಲ್ಲಾಳಿಗೆ ಚೆಕ್ಕಿನಲ್ಲಿ ಕೊಟ್ಟಿದ್ದರೆ ಪಾಸ್‌ಬುಕ್ಕಿನಲ್ಲಿ. ಗಿಡ ತೆಗೆಸಿದ ಕೂಲಿಯಂಥದ್ದನ್ನು ಅಂದಾಜಿನಲ್ಲಿ ಬರೆಯಿರಿ, ಆದರೆ ಬಿಡಬೇಡಿ. ಅಂದಾಜು ಶೇ 20 ತಪ್ಪಿದರೂ ಪರವಾಗಿಲ್ಲ, ನಡುವಿನ ಖರ್ಚನ್ನೆಲ್ಲ ಸೊನ್ನೆ ಎಂದು ಹಿಡಿದರೆ ಮಾತ್ರ ದರ ಪೂರಾ 0.6 ಅಂಶ ಸುಳ್ಳಾಗುತ್ತದೆ.

ತೆರಿಗೆ ಕಟ್ಟಿದ ಮೇಲೆ

24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡದ್ದರಿಂದ ಇದು ದೀರ್ಘಾವಧಿ ಬಂಡವಾಳ ಲಾಭ. 2024ರ ಜುಲೈ 23ರ ಮೊದಲು ಕೊಂಡ ಜಮೀನನ್ನು ಆ ದಿನ ಅಥವಾ ನಂತರ ಮಾರುವ ಭಾರತದ ನಿವಾಸಿಗೆ ಎರಡು ಲೆಕ್ಕ ಮಾಡಿ ನೋಡುವ ಅವಕಾಶವಿದೆ: ಸೂಚ್ಯಂಕವಿಲ್ಲದೆ ಶೇ 12.5, ಅಥವಾ ಸೂಚ್ಯಂಕ ಹಾಕಿ, ಅಂದರೆ ಕೊಂಡ ವೆಚ್ಚವನ್ನು ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸಿಕೊಂಡು, ಶೇ 20. ಎರಡರಲ್ಲಿ ಕಡಿಮೆ ಬರುವ ತೆರಿಗೆಗಿಂತ ಹೆಚ್ಚು ಕಟ್ಟಬೇಕಿಲ್ಲ. ಹೊರದೇಶದಲ್ಲಿ ನೆಲೆಸಿ ಅನಿವಾಸಿಯಾಗಿರುವ ಕನ್ನಡಿಗರಿಗೆ ಈ ಆಯ್ಕೆ ಇಲ್ಲ, ಅವರಿಗೆ 12.5 ಒಂದೇ.

ಮೊದಲ ದಾರಿ: 41,10,000ರಿಂದ 13,20,000 ಕಳೆದರೆ ಲಾಭ 27,90,000. ಅದರ ಶೇ 12.5 ಎಂದರೆ 3,48,750. ಶೇ 4 ಸೆಸ್ ಸೇರಿ 3,62,700.

ಎರಡನೆಯ ದಾರಿ: 2013-14ರ ವೆಚ್ಚ ಸೂಚ್ಯಂಕ 220, 2025-26ರದು 376. ಕೊಂಡ ವೆಚ್ಚ 13,20,000 x 376 / 220, ಅಂದರೆ 22,56,000 ಆಗುತ್ತದೆ. ಲಾಭ 18,54,000, ಅದರ ಶೇ 20ಕ್ಕೆ ಸೆಸ್ ಸೇರಿಸಿ 3,85,632.

ಇಲ್ಲಿ ಶೇ 12.5ರ ದಾರಿಯೇ 22,932 ರೂಪಾಯಿ ಅಗ್ಗ. ಬೆಲೆ ಇದಕ್ಕಿಂತ ನಿಧಾನವಾಗಿ ಏರಿದ ಸೈಟುಗಳಲ್ಲಿ ಸೂಚ್ಯಂಕದ ದಾರಿ ಗೆಲ್ಲಬಹುದು, ಆದ್ದರಿಂದ ಎರಡನ್ನೂ ಹಾಕದೆ ಬಿಡಬಾರದು. ಮುದ್ರಾಂಕ, ನೋಂದಣಿ ಶುಲ್ಕ ಮತ್ತು ಎರಡೂ ಸಲದ ದಲ್ಲಾಳಿ ಹಣ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಬರುತ್ತವೆ. ವರ್ಷ ವರ್ಷ ಕಟ್ಟಿದ ಕಂದಾಯ, ಗಿಡ ತೆಗೆಸಿದ ಕೂಲಿ ಬರುವುದಿಲ್ಲ. ಬೇಲಿಯಂಥದ್ದಕ್ಕೆ ಬಿಲ್ಲಿದ್ದರೆ ಅಭಿವೃದ್ಧಿ ವೆಚ್ಚವೆಂದು ಕೇಳಿ ನೋಡಬಹುದು, ಈ ಲೆಕ್ಕದಲ್ಲಿ ನಾವು ಅದನ್ನು ಸೇರಿಸಿಲ್ಲ. ಬಂದ ಹಣವನ್ನು ಮನೆ ಕೊಳ್ಳಲು ಅಥವಾ ಆರು ತಿಂಗಳೊಳಗೆ ನಿಗದಿತ ಬಾಂಡ್‌ಗಳಿಗೆ ಹಾಕಿದರೆ ತೆರಿಗೆ ಉಳಿಯುತ್ತದೆ. ಆದರೆ ಆ ಬಾಂಡ್‌ನಲ್ಲಿ ಹಣ ಐದು ವರ್ಷ ಸಿಕ್ಕಿಕೊಳ್ಳುತ್ತದೆ. ಅದು ಹೊಸದೊಂದು ಹೂಡಿಕೆ, ಅದರ ಫಲವನ್ನು ಸೈಟಿನ ದರಕ್ಕೆ ಬೆರೆಸಬಾರದು.

ಶೀಟಿನ ಕೊನೆಯ ಸಾಲನ್ನು 3,62,700 ಕಡಿಮೆ ಮಾಡಿ 37,27,800 ಎಂದು ಬದಲಿಸಿದರೆ ದರ ಶೇ 8.5ಕ್ಕೆ ಬರುತ್ತದೆ. ಇಡೀ ಇಳಿಜಾರು ಹೀಗಿದೆ:

| ಹಂತ | ವಾರ್ಷಿಕ ದರ |
|---|---|
| ಬರಿಯ ಬೆಲೆ | ಶೇ 11.0 |
| ನೋಂದಣಿ, ದಲ್ಲಾಳಿ, ವಕೀಲರ ಖರ್ಚು ಕಳೆದು | ಶೇ 9.9 |
| ನಡುವಿನ ವರ್ಷಗಳ ಖರ್ಚೂ ಕಳೆದು | ಶೇ 9.3 |
| ತೆರಿಗೆಯೂ ಕಳೆದು | ಶೇ 8.5 |

ಇದನ್ನು ಯಾವುದರ ಜತೆ ಹೋಲಿಸಬೇಕು ಎಂಬಲ್ಲೂ ಎಚ್ಚರ ಬೇಕು. 8.5ನ್ನು ತೆರಿಗೆ ಕಳೆದ ಠೇವಣಿ ದರದ ಜತೆಗೆ, 9.3ನ್ನು ತೆರಿಗೆಗೆ ಮುಂಚಿನ ದರದ ಜತೆಗೆ. ಬೆಲೆಯೇರಿಕೆಯನ್ನು ಕಳೆಯಲು ಹಲವರು ಇದೇ 220 ಮತ್ತು 376ನ್ನು ಬಳಸುತ್ತಾರೆ. ಅದು ವರ್ಷಕ್ಕೆ ಶೇ 4.6 ಬರುತ್ತದೆ, ನಿಜವಾದ ಬೆಳವಣಿಗೆ ಶೇ 3.7 ಉಳಿದಂತೆ ಕಾಣುತ್ತದೆ. ಆದರೆ ಈ ಸೂಚ್ಯಂಕವನ್ನು ಕಟ್ಟಿರುವುದೇ ನಗರ ಗ್ರಾಹಕ ಬೆಲೆ ಏರಿಕೆಯ ಮುಕ್ಕಾಲು ಪಾಲಿನ ಮೇಲೆ. ಪೂರ್ತಿ ಏರಿಕೆ ಸುಮಾರು ಶೇ 6.1 ಎಂದು ಅಂದಾಜಿಸಿದರೆ ಉಳಿಯುವುದು ಶೇ 2.3ರ ಆಸುಪಾಸು. ಕಳೆಯುವಾಗ 8.5ರಿಂದ 6.1ನ್ನು ನೇರ ಕಳೆಯದೆ 1.085ನ್ನು 1.061ರಿಂದ ಭಾಗಿಸಿ ಒಂದನ್ನು ಕಳೆಯಬೇಕು.

ಇನ್ನೂ ಮಾರದ ಸೈಟಾದರೆ

ಈ ಪ್ರಕರಣದಲ್ಲಿ ಕೊನೆಯ ಬೆಲೆ ಗೊತ್ತಿದೆ. ಸೈಟು ಇನ್ನೂ ಕೈಯಲ್ಲೇ ಇರುವವರು ಆ ಜಾಗದಲ್ಲಿ ಏನು ಬರೆಯುತ್ತಾರೆ ಎಂಬುದೇ ಉತ್ತರವನ್ನು ತೀರ್ಮಾನಿಸುತ್ತದೆ. ಪಕ್ಕದ ಸೈಟಿನವರು ಹೇಳುತ್ತಿರುವ ಬೆಲೆ ಅವರು ಕೇಳುತ್ತಿರುವ ಬೆಲೆ, ಸಿಕ್ಕ ಬೆಲೆಯಲ್ಲ. ಮಾರ್ಗಸೂಚಿ ದರ ಸರ್ಕಾರ ಶುಲ್ಕಕ್ಕಾಗಿ ಇಟ್ಟದ್ದು, ಹಲವು ಬಡಾವಣೆಗಳಲ್ಲಿ ಮಾರುಕಟ್ಟೆಗಿಂತ ಕೆಳಗಿರುತ್ತದೆ. ಅದೇ ಬಡಾವಣೆಯಲ್ಲಿ ಕಳೆದೊಂದು ವರ್ಷದಲ್ಲಿ ಹಣ ಕೈಬದಲಾಗಿ ಮುಗಿದ ವ್ಯವಹಾರಗಳನ್ನು ಇಬ್ಬರು ಮೂವರು ದಲ್ಲಾಳಿಗಳಲ್ಲಿ ವಿಚಾರಿಸಿ, ಮೂಲೆ ಸೈಟು, ಮುಖ ಮಾಡಿರುವ ದಿಕ್ಕು, ರಸ್ತೆ ಅಗಲದ ವ್ಯತ್ಯಾಸ ಹೊಂದಿಸಿಕೊಂಡು ಬೆಲೆ ಹಿಡಿಯಬೇಕು.

ಈ ಒಂದು ಅಂಕಿ ಎಷ್ಟು ಎಳೆಯುತ್ತದೆ ನೋಡಿ. ನಮ್ಮ ಸೈಟು 42ರ ಬದಲು ಶೇ 10 ಕಡಿಮೆಗೆ, 37.80 ಲಕ್ಷಕ್ಕೆ ಹೋಗಿದ್ದರೆ ತೆರಿಗೆಗೆ ಮುಂಚಿನ ದರ 9.3ರಿಂದ 8.3ಕ್ಕೆ ಇಳಿಯುತ್ತಿತ್ತು. ಹನ್ನೆರಡು ವರ್ಷದ ಕಂದಾಯ, ಬೇಲಿ, ನೀರಿನ ಸಂಪರ್ಕ ಎಲ್ಲ ಸೇರಿ ಕಡಿಮೆ ಮಾಡಿದ್ದು 0.6 ಅಂಶ, ಬೆಲೆಯ ಒಂದು ತಪ್ಪು ಅಂದಾಜು ಅದಕ್ಕಿಂತ ದೊಡ್ಡ ಪಾಲನ್ನು ತಿಂದಿತು. ಆದ್ದರಿಂದ ಮಾರದ ಸೈಟಿಗೆ ಒಂದೇ ದರ ಹೇಳುವುದಕ್ಕಿಂತ ಮೂರು ಬೆಲೆ ಹಾಕಿ ನೋಡುವುದು ಸರಿ: ವಿಚಾರಿಸಿ ತಿಳಿದ ಬೆಲೆ, ಅದಕ್ಕಿಂತ ಶೇ 10 ಕಡಿಮೆ, ಮತ್ತು ಮೂರು ತಿಂಗಳೊಳಗೆ ಮಾರಲೇಬೇಕಾದರೆ ಒಪ್ಪಿಕೊಳ್ಳುವ ಬೆಲೆ. ಮೂರರಲ್ಲೂ ದಲ್ಲಾಳಿಯ ಶೇ 2 ಮತ್ತು ತೆರಿಗೆಯನ್ನು ಕಳೆದೇ ಕೊನೆಯ ಸಾಲಿಗೆ ಬರೆಯಿರಿ.